ಬಿಸಿಲಿಗೂ ಒಲೆಗೂ ಕೂಗುವ ಸೈರನ್

ಪ್ರಶ್ನೆ: ಅಡಿಕೆ ಕಳ್ಳರ ಹೆದರಿಕೆಗೆ ಜಗಲಿ ಕಂಬಕ್ಕೆ, ಯಾರಾದರೂ ಓಡಾಡಿದರೆ ಸೈರನ್ ಕೂಗಿಸುವ ಪಿಐಆರ್ ಸೆನ್ಸರ್ ಹಾಕಿಸಿದ್ದೇವೆ. ಪೂರ್ವದ ಅಂಗಳಕ್ಕೆ ಮುಖ ಮಾಡಿದೆ. ಬೆಳಿಗ್ಗೆ ಎಂಟೂವರೆಯಿಂದ ಹತ್ತರವರೆಗೆ ಯಾರೂ ಇಲ್ಲದಿದ್ದರೂ ಸೈರನ್ ಕೂಗುತ್ತದೆ. ಸಂಜೆ ಬಚ್ಚಲ ಒಲೆಗೆ ಬೆಂಕಿ ಹಾಕಿದಾಗಲೂ ಅದೇ ಕಥೆ. ಸೆನ್ಸಿಟಿವಿಟಿ ಕಮ್ಮಿ ಮಾಡಿದರೆ ಮನುಷ್ಯರು ಬಂದರೂ ಸುಮ್ಮನಿರುತ್ತದೆ. ಸೆನ್ಸರ್ ಕೆಟ್ಟಿದೆಯಾ?
— ತೀರ್ಥಹಳ್ಳಿ ತಾಲ್ಲೂಕಿನ ಓದುಗರು

ಉತ್ತರ: ಕೆಟ್ಟಿರಲಿಕ್ಕಿಲ್ಲ. ಹೊತ್ತು ನೋಡಿಕೊಂಡು ಕೂಗುವ ಸೆನ್ಸರ್ ಹೆಚ್ಚಾಗಿ ಸರಿಯಾಗೇ ಇರುತ್ತದೆ, ಅದನ್ನು ಕೂರಿಸಿದ ಜಾಗ ಸರಿ ಇರುವುದಿಲ್ಲ.

ಪಿಐಆರ್ ನೋಡುವುದು ಚಲನೆಯನ್ನಲ್ಲ, ಶಾಖದ ಬದಲಾವಣೆಯನ್ನು. ಒಳಗೆ ಅಕ್ಕಪಕ್ಕದಲ್ಲಿ ಎರಡು ಪುಟ್ಟ ತುಣುಕುಗಳಿವೆ. ಎರಡಕ್ಕೂ ಒಟ್ಟಿಗೆ ಶಾಖ ಏರಿದರೆ ಒಂದರ ಸಂಕೇತವನ್ನು ಇನ್ನೊಂದು ಅಳಿಸಿಬಿಡುತ್ತದೆ. ಮನುಷ್ಯ ಅಡ್ಡ ನಡೆದಾಗ ಮೊದಲು ಒಂದಕ್ಕೆ, ಆಮೇಲೆ ಇನ್ನೊಂದಕ್ಕೆ ಶಾಖ ತಾಗುತ್ತದೆ, ಆಗ ಸೈರನ್. ಹಾಗಾಗಿ ಅಂಗಳ ನಿಧಾನಕ್ಕೆ ಬಿಸಿಯಾದರೆ ಅದಕ್ಕೇನೂ ಅಲ್ಲ. ತೊಂದರೆ ಕೊಡುವುದು ತೋಟದ ಅಡಿಕೆ ಮರಗಳ ನೆರಳು. ಗಾಳಿಗೆ ಸೋಗೆ ತೂಗಿದಾಗ ನೆಲದ ಒಂದು ಪಟ್ಟಿ ಬಿಸಿಯಾಗಿ, ಪಕ್ಕದ್ದು ತಣ್ಣಗಾಗುತ್ತದೆ. ಸೆನ್ಸರ್‌ಗೆ ಅದು ಥೇಟ್ ನಡೆದುಹೋಗುವ ಆಳು. ಇನ್ನೊಂದು ಸಾಧ್ಯತೆ, ಎಳೆ ಬಿಸಿಲು ನೇರವಾಗಿ ಲೆನ್ಸಿನ ಮೇಲೆ ಬಿದ್ದು ಆ ಪ್ಲಾಸ್ಟಿಕ್ಕೇ ಒಂದು ಕಡೆ ಜಾಸ್ತಿ ಕಾಯುವುದು.

ಇವೆರಡರಲ್ಲಿ ಯಾವುದು ಅಂತ ತಿಳಿಯಲು ಒಂದು ಕೊಡೆ ಸಾಕು, ನಮ್ಮ ಕಡೆ ಅದಕ್ಕೇನು ಬರವೇ? ಬಿಸಿಲು ಲೆನ್ಸಿಗೆ ತಾಗದಂತೆ, ಆದರೆ ಅಂಗಳ ಕಾಣುವಂತೆ ಮಾಡಿನ ಪಕಾಸಿಗೆ ಕೊಡೆ ಕಟ್ಟಿ. ಕೈಯಲ್ಲಿ ಹಿಡಿದು ನಿಲ್ಲಬೇಡಿ, ನಿಮ್ಮನ್ನೇ ನೋಡಿ ಕೂಗುತ್ತದೆ. ಎರಡು ಬೆಳಿಗ್ಗೆ ನೋಡಿ. ಸೈರನ್ ನಿಂತರೆ ತಪ್ಪು ನೇರ ಬಿಸಿಲಿನದು. ನಿಲ್ಲದಿದ್ದರೆ ಲೆನ್ಸನ್ನು ಅಲ್ಯೂಮಿನಿಯಂ ಹಾಳೆ ಸುತ್ತಿದ ರಟ್ಟಿನಿಂದ ಪೂರ್ತಿ ಮುಚ್ಚಿ. ಆಗ ನಿಂತರೆ ಅಂಗಳದ ನೆರಳೇ ಕಾರಣ. ಮುಚ್ಚಿದರೂ ಕೂಗಿದರೆ ಬಿಸಿಲನ್ನು ಬಿಡಿ, ಡಬ್ಬಿಯೊಳಗೆ ಇರುವೆ, ಜೇಡ ಸೇರಿದೆಯಾ, ಪವರ್ ಅಡಾಪ್ಟರ್ ಸರಿ ಇದೆಯಾ ನೋಡಿ.

ನೇರ ಬಿಸಿಲಾದರೆ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ, ನಾಲ್ಕೈದು ಸೆಂಟಿಮೀಟರ್ ಮುಂದೆ ಚಾಚುವ ಮರೆ ಮಾಡಿ. ಬೆಳಗಿನ ಬಿಸಿಲು ತಗ್ಗಿನಿಂದ ಬರುವುದರಿಂದ ಮರೆಗೂ ಮಿತಿಯಿದೆ. ನೆರಳಿನ ಕಾಟಕ್ಕಂತೂ ಮರೆ ಪ್ರಯೋಜನವಿಲ್ಲ. ನನ್ನನ್ನು ಕೇಳಿದರೆ ಸೆನ್ಸರನ್ನು ಆ ಕಂಬದಿಂದಲೇ ತೆಗೆಯಿರಿ. ಜಗಲಿಯ ದಕ್ಷಿಣದ ತುದಿಯಲ್ಲಿ ಉತ್ತರಕ್ಕೆ ಮುಖ ಮಾಡಿ, ಸುಮಾರು 2.2 ಮೀಟರ್ ಎತ್ತರಕ್ಕೆ ಹಾಕಿ. ಅದು ಜಗಲಿಯ ಉದ್ದಕ್ಕೆ ನೋಡಲಿ, ಅಂಗಳವನ್ನಲ್ಲ. ಅಂಗಳದಿಂದ ಮೆಟ್ಟಿಲು ಹತ್ತಿ ಬಂದವನು ಅದರ ಮುಂದೆ ಅಡ್ಡ ಹಾಯುತ್ತಾನೆ. ಎದುರಿನಿಂದ ನೇರ ಬರುವವನಿಗಿಂತ ಅಡ್ಡ ಹಾಯುವವನನ್ನು ಪಿಐಆರ್ ಬೇಗ ಹಿಡಿಯುತ್ತದೆ. ಅಂಗಳದಲ್ಲಿ ಹರವಿದ ಅಡಿಕೆಗೆ ಕಾವಲು ಇಲ್ಲದಂತಾಗುತ್ತದೆ, ನಿಜ. ಅದಕ್ಕೆ ಬೇರೆ ಸೆನ್ಸರ್ ಬೇಕು, ಒಂದರಿಂದ ಎರಡೂ ಕೆಲಸ ಮಾಡಿಸಲು ಹೋದದ್ದರಿಂದಲೇ ಈ ಗೋಳು.

ಇನ್ನು ಒಲೆ. ಉರಿ ಕುಣಿಯುತ್ತದೆ, ಅದರ ಶಾಖವೂ ಕುಣಿಯುತ್ತದೆ. ಸೆನ್ಸರ್ ಗಮನ ಕೊಡುವುದೇ ಅಂಥ ಬದಲಾವಣೆಗೆ. ಬಚ್ಚಲ ಬಾಗಿಲು ಲೆನ್ಸಿನ ಯಾವ ಬದಿಗೆ ಬರುತ್ತದೋ ಆ ಬದಿಗೆ ಅಲ್ಯೂಮಿನಿಯಂ ಫಾಯಿಲ್ ಟೇಪಿನ ಪಟ್ಟಿ ಅಂಟಿಸಿ. ಸೆಲ್ಲೋಟೇಪ್ ಸಾಲದು. ಒಲೆ ಉರಿಯುವಾಗ ಪಟ್ಟಿಯನ್ನು ಸ್ವಲ್ಪ ಸ್ವಲ್ಪವೇ ಅಗಲ ಮಾಡುತ್ತ ಹೋಗಿ, ಕೂಗು ನಿಂತಲ್ಲಿ ನಿಲ್ಲಿಸಿ. ಬಿಸಿ ಹೊಗೆ, ಹಂಡೆಯ ಹಬೆ ಸೆನ್ಸರ್ ಕಡೆಗೇ ಬೀಸುತ್ತಿದ್ದರೆ ಮಾತ್ರ ಟೇಪ್ ಉಪಯೋಗಕ್ಕೆ ಬಾರದು, ದೂರ ಸರಿಸಲೇಬೇಕು. ಹಿಂದಿನ ವೈರಿನ ತೂತನ್ನೂ ಸಿಲಿಕೋನ್‌ನಿಂದ ಮುಚ್ಚಿ. ಬಿಸಿ ಗಾಳಿ ಅಲ್ಲಿಂದಲೂ ನುಗ್ಗುತ್ತದೆ. ಮನೆಯೊಳಗೆ ರೂಮ್ ಹೀಟರ್ ಇಡುವವರಿಗೂ ಇದೇ ಮಾತು.

ಇಷ್ಟಾದ ಮೇಲೆ ತಿರುಪು ಮುಟ್ಟಿ. ಮೊದಲು ಸೆನ್ಸಿಟಿವಿಟಿ ನಡುವಿಗೆ ಇಡಿ. ಎಷ್ಟು ಬಾರಿ ಬದಲಾವಣೆ ಕಂಡ ಮೇಲೆ ಕೂಗಬೇಕು ಅಂತ ಆರಿಸುವ ಪುಟ್ಟ ಕೊಂಡಿ, ಅಂದರೆ ಪಲ್ಸ್ ಕೌಂಟ್ ಜಂಪರ್, ಡಬ್ಬಿಯೊಳಗೆ ಇದ್ದರೆ 1ರಿಂದ 2ಕ್ಕೆ ಬದಲಿಸಿ, ಆಗ ಒಂದು ಬಾರಿಯ ಬದಲಾವಣೆಗೆ ಕೂಗುವುದಿಲ್ಲ. ಪವರ್ ಕೊಟ್ಟು ಒಂದೆರಡು ನಿಮಿಷ ಬಿಟ್ಟು, ಜಗಲಿಯಲ್ಲಿ ಅಡ್ಡ ನಡೆದು ಸೆನ್ಸರಿನ ಪುಟ್ಟ ದೀಪ ಹತ್ತುತ್ತದಾ ನೋಡಿ. ಮೈಯ ಶಾಖಕ್ಕೂ ಹಿಂದಿನ ಗೋಡೆಯ ಶಾಖಕ್ಕೂ ಇರುವ ವ್ಯತ್ಯಾಸವೇ ಅದಕ್ಕೆ ಕಾಣುವುದು. ಡಿಸೆಂಬರಿನ ಚಳಿಯಲ್ಲಿ ಚೆನ್ನಾಗಿ ಹಿಡಿದ ಸೆನ್ಸರ್ ಏಪ್ರಿಲ್ ಮಧ್ಯಾಹ್ನ ಮಂಕಾಗುತ್ತದೆ. ಚಳಿಗಾಲದಲ್ಲಿ ಕಮ್ಮಿ ಮಾಡಿಟ್ಟಿದ್ದರೆ ಯುಗಾದಿ ಕಳೆದ ಮೇಲೆ ಇನ್ನೊಮ್ಮೆ ನಡೆದು ನೋಡಿ, ಅದೂ ಮಧ್ಯಾಹ್ನ ಮೂರರ ಹೊತ್ತಿಗೆ.