ಸೂತ್ರ ಆಮೇಲೆ, ಮೊದಲು ಫೋಟೋ ಸರಿಯಾಗಿ ಓದಿ

ಪ್ರಶ್ನೆ: ವರ್ಗಾಂತರ ಇರುವ ಟೇಬಲ್‌ನ ಫೋಟೋ ಸಿಕ್ಕಿದೆ. ಸರಾಸರಿ, ಮಧ್ಯಾಂಕ, ಮಾನಕ ವಿಚಲನೆ ಬೇಕು. ನೇರ ವಿಧಾನ ಒಳ್ಳೆಯದಾ, ಹಂತ ವಿಚಲನೆ ವಿಧಾನವಾ?

ಯಾವುದನ್ನಾದರೂ ಹಾಕಿ, ಉತ್ತರ ಒಂದೇ ಬರುತ್ತದೆ. ನನ್ನ ಅಂಕ ಹೋಗಿದ್ದು ಸೂತ್ರದಿಂದಲ್ಲ, ಫೋಟೋದಿಂದ.

ಕ್ಲಾಸಿಗೆ ಹೋಗದ ದಿನ ಗೆಳೆಯ ಬೋರ್ಡಿನ ಫೋಟೋ ಕಳಿಸಿದ್ದ. ಮೇಲಿನ ತಲೆಬರಹದ ಸಾಲು ಕಟ್ ಆಗಿತ್ತು. ಎಡಕ್ಕೆ 0–10, 10–20, ಹೀಗೆ 40–50ರ ತನಕ ಐದು ವರ್ಗ. ಬಲಕ್ಕೆ 5, 13, 28, 44, 50. ಆವೃತ್ತಿ ಅಂದುಕೊಂಡೆ. ಕೂಡಿದರೆ 140. ಸರಾಸರಿ 33.64, ಮಧ್ಯಾಂಕ 35.45, ಮಾನಕ ವಿಚಲನೆ 11.10. ನೀಟಾಗಿ ಬರೆದು ಕೊಟ್ಟೆ. ಮೂರೂ ತಪ್ಪು!

ಅದು ಸಂಚಿತ ಆವೃತ್ತಿಯ ಕಾಲಂ ಆಗಿತ್ತು. ಅಂದರೆ 28 ಎಂದರೆ 20–30ರಲ್ಲಿ 28 ಜನ ಅಂತಲ್ಲ, 30ಕ್ಕಿಂತ ಕಡಿಮೆ ಅಂಕ ಪಡೆದವರು ಒಟ್ಟು 28. ಇದ್ದವರೇ 50 ಜನ. ನಾನು ಮೊದಲ ವರ್ಗದ ಐವರನ್ನು ಐದು ಸಲ ಎಣಿಸಿದ್ದೆ, ಕೊನೆಯ ವರ್ಗದವರನ್ನು ಒಂದೇ ಸಲ. ಮೇಲಿನ ವರ್ಗಗಳ ಸಂಖ್ಯೆ ಸುಮ್ನೆ ಉಬ್ಬಿತು, ಸರಾಸರಿಯೂ ಅತ್ತಲೇ ಜಾರಿತು.

ಒಂದು ಸಾಲಿನಿಂದ ಹಿಂದಿನ ಸಾಲನ್ನು ಕಳೆಯುತ್ತಾ ಹೋದರೆ ನಿಜವಾದ ಆವೃತ್ತಿ ಸಿಗುತ್ತದೆ: 5, 8, 15, 16, 6. ವರ್ಗದ ಮಧ್ಯಬಿಂದುಗಳು 5, 15, 25, 35, 45. ಗುಣಿಸಿ ಕೂಡಿದರೆ 1350. ಅದನ್ನು 50ರಿಂದ ಭಾಗಿಸಿದರೆ ಸರಾಸರಿ 27. ಮಧ್ಯಾಂಕಕ್ಕೆ 50ರ ಅರ್ಧ 25. ಸಂಚಿತ ಕಾಲಂನಲ್ಲಿ 13 ದಾಟಿ 28ರೊಳಗೆ ಅದು ಬೀಳುತ್ತದೆ, ಅಂದರೆ 20–30ರ ವರ್ಗ:

```
20 + (25 - 13) / 15 × 10 = 28
```

ಮಾನಕ ವಿಚಲನೆಗೆ ಪ್ರತಿ ಮಧ್ಯಬಿಂದುವಿನಿಂದ 27 ಕಳೆದು, ವರ್ಗ ಮಾಡಿ, ಆವೃತ್ತಿಯಿಂದ ಗುಣಿಸಿ ಕೂಡಿ. 6600 ಬರುತ್ತದೆ. 50ರಿಂದ ಭಾಗಿಸಿದರೆ 132, ಅದರ ವರ್ಗಮೂಲ 11.49.

ನನ್ನ ತಪ್ಪು ಮಾನಕ ವಿಚಲನೆ 11.10 ಇತ್ತಲ್ವಾ? ಹತ್ತಿರ ಹತ್ತಿರ ಅದೇ. ಉತ್ತರ ನೋಡಿ ತಪ್ಪು ಹಿಡಿಯುತ್ತೇನೆ ಅನ್ನೋದು ಅದಕ್ಕೇ ನಡೆಯುವುದಿಲ್ಲ. ಕಾಲಂ ಅನ್ನೇ ನೋಡಬೇಕು. ಸಂಖ್ಯೆಗಳು ಎಲ್ಲೂ ಇಳಿಯದೆ ಏರುತ್ತಲೇ ಹೋಗಿ, ಕೊನೆಯದು ಒಟ್ಟು ಜನರ ಸಂಖ್ಯೆಗೆ ಸಮವಾದರೆ ಅದು ಸಂಚಿತ. ಒಟ್ಟು ಎಷ್ಟು ಜನ ಅನ್ನೋದು ಫೋಟೋದಲ್ಲಿ ಇಲ್ಲದಿದ್ದರೆ ಲೆಕ್ಕ ಶುರು ಮಾಡಬೇಡಿ, ಕಳಿಸಿದವರನ್ನೇ ಕೇಳಿ. ನಾನು ಕೇಳಲಿಲ್ಲ, ಸಂಕೋಚ.

ವರ್ಗಗಳು 10–19, 20–29 ಅಂತ ಬಿಟ್ಟುಬಿಟ್ಟು ಇದ್ದರೆ ಮಧ್ಯಾಂಕದಲ್ಲಿ ಕೆಳಮಿತಿ 20 ಅಲ್ಲ, 19.5. ವರ್ಗದ ಅಗಲ 9 ಅಲ್ಲ, 10.

ಹಂತ ವಿಚಲನೆ ವಿಧಾನ ನನಗೆ ಇವತ್ತಿಗೂ ಇಷ್ಟವಿಲ್ಲ. ಕ್ಯಾಲ್ಕುಲೇಟರ್ ಇದ್ದರೆ ನೇರ ವಿಧಾನವೇ ಸಾಕು.