ಆರು ಬ್ಯಾಕ್, ಒಂದು ಇಯರ್ ಬ್ಯಾಕ್: ಅರ್ಜಿಯಲ್ಲಿ ಹೇಗೆ ಬರೆಯಲಿ?

*ನಾನು ಕಾಪುವಿನವಳು. 2017ರಲ್ಲಿ ವಿಟಿಯು ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ಸೇರಿದೆ. 3ನೇ ಸೆಮಿಸ್ಟರಿನಲ್ಲಿ ಗಣಿತ ಮತ್ತು ಬೇಸಿಕ್ ಥರ್ಮೊಡೈನಮಿಕ್ಸ್ ಹೋದವು, 4ನೆಯದರಲ್ಲಿ ಇನ್ನೂ ನಾಲ್ಕು. 2019ರ ಫೆಬ್ರವರಿಯಲ್ಲಿ ಅಪ್ಪನಿಗೆ ಸ್ಟ್ರೋಕ್ ಆಗಿ ಅಂಗಡಿ ನನ್ನ ಮೇಲೆ ಬಿತ್ತು. ಇಯರ್ ಬ್ಯಾಕ್ ಆಯಿತು. ಆರನ್ನೂ ಡಿಸೆಂಬರ್–ಜನವರಿಯ ಪರೀಕ್ಷೆಯಲ್ಲಿ ಒಟ್ಟಿಗೆ ಪಾಸು ಮಾಡಿ 2022ರಲ್ಲಿ ಡಿಗ್ರಿ ಮುಗಿಸಿದೆ. ಒಟ್ಟು ಸಿಜಿಪಿಎ 6.6, ಕೊನೆಯ ಎರಡು ಸೆಮಿಸ್ಟರಿನಲ್ಲಿ 8.0 ಮತ್ತು 8.4. ಈಗ ಬೈಕಂಪಾಡಿಯಲ್ಲಿ ಕೋಲ್ಡ್ ಸ್ಟೋರೇಜ್ ಸರ್ವಿಸ್ ಕೆಲಸ. ಜರ್ಮನಿಯಲ್ಲಿ ಎನರ್ಜಿ ವಿಷಯದಲ್ಲಿ ಎಂಎಸ್ಸಿ ಮಾಡುವ ಆಸೆ. ಕನ್ಸಲ್ಟೆನ್ಸಿಯವರು ಖಾಲಿ ವರ್ಷಕ್ಕೆ ಒಂದು ಎಕ್ಸ್‌ಪೀರಿಯನ್ಸ್ ಲೆಟರ್ ಮಾಡಿಸಿಕೊಡುತ್ತಾರಂತೆ. ಮಾವ, ಬ್ಯಾಕ್ ವಿಷಯ ಎತ್ತಲೇಬೇಡ ಎನ್ನುತ್ತಾರೆ. ಗೆಳತಿಯರು ಕೊರೋನಾ ಎಂದು ಬರೆ ಎನ್ನುತ್ತಾರೆ. ಏನು ಮಾಡಲಿ?*

— ಹೆಸರು ಬೇಡ, ಕಾಪು

ಆ ಎಕ್ಸ್‌ಪೀರಿಯನ್ಸ್ ಲೆಟರ್ ಖಂಡಿತ ಬೇಡ. ತಪ್ಪು ಎಂಬುದು ಒಂದು ಕಾರಣವಾದರೆ, ಅದು ನಿಲ್ಲುವುದಿಲ್ಲ ಎಂಬುದು ಇನ್ನೊಂದು. ನಿಮ್ಮ ಗ್ರೇಡ್ ಕಾರ್ಡುಗಳ ಮೇಲೆ ಪರೀಕ್ಷೆ ನಡೆದ ತಿಂಗಳು ಮತ್ತು ವರ್ಷ ಅಚ್ಚಾಗಿರುತ್ತದೆ. 3 ಮತ್ತು 4ನೇ ಸೆಮಿಸ್ಟರಿನ ವಿಷಯಗಳು 2019–20ರ ಪರೀಕ್ಷೆಯಲ್ಲಿ ಪಾಸಾಗಿರುವುದನ್ನೂ, 2017ರಲ್ಲಿ ಸೇರಿದವರ ನಾಲ್ಕು ವರ್ಷದ ಡಿಗ್ರಿ 2022ರಲ್ಲಿ ಮುಗಿದಿರುವುದನ್ನೂ ಯಾರಾದರೂ ಎರಡು ನಿಮಿಷದಲ್ಲಿ ಕಾಣುತ್ತಾರೆ. 2022ರ ನವೆಂಬರಿನಿಂದ ಭಾರತದ ವಿದ್ಯಾರ್ಥಿಗಳಿಗೆ ಜರ್ಮನಿಯ ಸ್ಟೂಡೆಂಟ್ ವೀಸಾಕ್ಕೆ ಎಪಿಎಸ್ ಪ್ರಮಾಣಪತ್ರವೂ ಕಡ್ಡಾಯ. ಅಂಕಪಟ್ಟಿಗಳು ಅಸಲಿಯೇ ಎಂದು ಅಲ್ಲಿ ಪರಿಶೀಲಿಸುತ್ತಾರೆ. ಪಿಎಫ್ ದಾಖಲೆ ಇಲ್ಲದ, ಸಂಬಳ ಯಾವ ಬ್ಯಾಂಕ್ ಖಾತೆಗೂ ಬಾರದ ಒಂದು ವರ್ಷದ "ನೌಕರಿ" ಇವುಗಳ ಪಕ್ಕದಲ್ಲಿ ಬಂದು ಕೂತರೆ, ನಿಮ್ಮ ಬೈಕಂಪಾಡಿಯ ನಿಜವಾದ ಮೂರು ವರ್ಷದ ಅನುಭವವೂ ಅನುಮಾನಕ್ಕೆ ಬೀಳುತ್ತದೆ. ಸೀಟು ಸಿಕ್ಕ ಮೇಲೆ ಗೊತ್ತಾದರೆ ಪ್ರವೇಶವೇ ರದ್ದಾಗಬಹುದು.

ಮಾವ ಹೇಳಿದಂತೆ ಸುಮ್ಮನಿದ್ದರೆ ಸುಳ್ಳು ಹೇಳಿದ ಹಾಗಾಗುವುದಿಲ್ಲ, ನಿಜ. ಆದರೆ ಅಂಕಪಟ್ಟಿ ನೋಡಿದವರು ಕಾರಣವನ್ನು ತಾವೇ ಊಹಿಸಿಕೊಳ್ಳುತ್ತಾರೆ. ಆ ಊಹೆ ನಿಮ್ಮ ಪರವಾಗಿ ಇರುವ ಸಾಧ್ಯತೆ ಕಡಿಮೆ.

ಕೊರೋನಾ ಎಂದು ಬರೆದರಂತೂ ತಾರೀಕೇ ಎದುರು ನಿಲ್ಲುತ್ತದೆ. ಲಾಕ್‌ಡೌನ್ ಶುರುವಾದದ್ದು 2020ರ ಮಾರ್ಚಿನಲ್ಲಿ. ಅಷ್ಟರೊಳಗೆ ನಿಮ್ಮ ಆರೂ ವಿಷಯ ಹೋಗಿ, ಮತ್ತೆ ಪಾಸಾಗಿಯೂ ಆಗಿತ್ತು. ಇದೇ ಲೆಕ್ಕವನ್ನು ಅಪ್ಪನ ಕಾಯಿಲೆಗೂ ಹಚ್ಚಿ ನೋಡಬೇಕು. ಸ್ಟ್ರೋಕ್ ಆದದ್ದು ಫೆಬ್ರವರಿಯಲ್ಲಿ. 3ನೇ ಸೆಮಿಸ್ಟರಿನ ಪರೀಕ್ಷೆ ಅದಕ್ಕಿಂತ ಮುಂಚೆಯೇ ಮುಗಿದಿತ್ತು. ಅಂದರೆ 4ನೇ ಸೆಮಿಸ್ಟರಿನ ನಾಲ್ಕು ವಿಷಯಗಳಿಗೆ ಮನೆಯ ಪರಿಸ್ಥಿತಿ ಕಾರಣ, ಮೊದಲ ಎರಡಕ್ಕೆ ಅಲ್ಲ. ಆರನ್ನೂ ಅಪ್ಪನ ಕಾಯಿಲೆಯ ಲೆಕ್ಕಕ್ಕೆ ಬರೆಯುವ ಆಸೆ ಯಾರಿಗಾದರೂ ಬರುತ್ತದೆ. ಆದರೆ ಹಾಗೆ ಬರೆದು ಸಿಕ್ಕಿಬಿದ್ದರೆ ಉಳಿದ ನಾಲ್ಕಕ್ಕಿರುವ ನಿಜವಾದ ಕಾರಣವನ್ನೂ ನಂಬುವುದಿಲ್ಲ. ಎರಡನ್ನು ಬೇರೆ ಮಾಡಿ ಹೇಳಿದರೆ ಮಾತ್ರ ನಾಲ್ಕಕ್ಕೆ ತೂಕ ಬರುತ್ತದೆ.

ಮೋಟಿವೇಶನ್ ಲೆಟರಿನಲ್ಲಿ ಇದಕ್ಕೆ ಒಂದೇ ಪ್ಯಾರಾ ಸಾಕು. ಅದರಲ್ಲಿ ಏನಾಯಿತು, ಯಾವಾಗ ಆಯಿತು, ಯಾವಾಗ ಸರಿಯಾಯಿತು, ಆಮೇಲೆ ಏನು ಬದಲಾಯಿತು ಎಂಬುದು ಬಂದರೆ ಆಯಿತು. ಹೀಗೆ ಬರೆದು ಇಂಗ್ಲಿಷಿಗೆ ತನ್ನಿ:

"3ನೇ ಸೆಮಿಸ್ಟರಿನಲ್ಲಿ ಗಣಿತ ಮತ್ತು ಬೇಸಿಕ್ ಥರ್ಮೊಡೈನಮಿಕ್ಸ್ ವಿಷಯಗಳಲ್ಲಿ ನಾನು ಫೇಲಾದೆ, ತಯಾರಿ ಸಾಲದಾಗಿತ್ತು. 2019ರ ಫೆಬ್ರವರಿಯಲ್ಲಿ ತಂದೆಗೆ ಸ್ಟ್ರೋಕ್ ಆಗಿ ಮನೆಯ ಅಂಗಡಿಯನ್ನು ನಾನು ನಡೆಸಬೇಕಾಯಿತು. ಆ ಸೆಮಿಸ್ಟರಿನಲ್ಲಿ ಇನ್ನೂ ನಾಲ್ಕು ವಿಷಯ ಉಳಿದವು, ಒಂದು ವರ್ಷ ಕಳೆದುಕೊಂಡೆ. ಆರೂ ವಿಷಯಗಳನ್ನು 2019–20ರ ಡಿಸೆಂಬರ್–ಜನವರಿ ಪರೀಕ್ಷೆಯಲ್ಲಿ ಒಟ್ಟಿಗೆ ಪಾಸು ಮಾಡಿದೆ. ಅನಂತರ ಯಾವ ವಿಷಯವೂ ಉಳಿಯಲಿಲ್ಲ. ಕೊನೆಯ ಎರಡು ಸೆಮಿಸ್ಟರಿನ ಅಂಕ 8.0 ಮತ್ತು 8.4."

ಕ್ಷಮೆ ಕೇಳುವ ಧಾಟಿ ಇಲ್ಲಿ ಬೇಡ. "ಅನಿವಾರ್ಯ ಕಾರಣಗಳಿಂದ" ಎಂಬ ಮಾತನ್ನೂ ಬಿಡಿ, ಏಕೆಂದರೆ ಅದನ್ನು ಓದಿದವರಿಗೆ ಏನನ್ನೋ ಮುಚ್ಚಿಟ್ಟ ಹಾಗೆ ಕೇಳುತ್ತದೆ. ಅಪ್ಪನ ಆಸ್ಪತ್ರೆಯ ಕಾಗದಗಳನ್ನು ವಿಶ್ವವಿದ್ಯಾಲಯದವರು ಕೇಳದೆ ಲಗತ್ತಿಸಬೇಡಿ. ಮನೆಯ ಕಷ್ಟವನ್ನು ಊರಿಗೆಲ್ಲ ಹೇಳಿದ ಹಾಗಾಗುತ್ತದೆಂಬ ಅಳುಕು ನಿಮಗಿದ್ದರೆ, ಸ್ಟ್ರೋಕ್ ಎಂಬ ಒಂದು ಪದಕ್ಕಿಂತ ಹೆಚ್ಚು ಯಾರಿಗೂ ಬೇಕಾಗಿಲ್ಲ. ಈ ಪ್ಯಾರಾ ಪತ್ರದ ಆರಂಭದಲ್ಲೂ ಇರಬಾರದು, ಕೊನೆಯಲ್ಲೂ ಇರಬಾರದು. ಮೊದಲು ಬಂದರೆ ಉಳಿದದ್ದೆಲ್ಲವನ್ನೂ ಅದರ ನೆರಳಿನಲ್ಲೇ ಓದುತ್ತಾರೆ, ಕೊನೆಗೆ ಬಂದರೆ ಓದಿ ಮುಗಿಸಿದಾಗ ಮನಸ್ಸಿನಲ್ಲಿ ಉಳಿಯುವುದು ಅದೊಂದೇ. ನಿಮ್ಮ ಕೆಲಸ ಮತ್ತು ಪ್ರಾಜೆಕ್ಟಿನ ವಿವರ ಆದಮೇಲೆ, ಆ ಕೋರ್ಸೇ ಏಕೆ ಬೇಕು ಎಂಬ ಭಾಗಕ್ಕೆ ಮುಂಚೆ ಇಡಿ.

ಇನ್ನು ಆರರಲ್ಲಿ ನಿಜವಾಗಿ ತೊಡಕು ಕೊಡುವುದು ಬೇಸಿಕ್ ಥರ್ಮೊಡೈನಮಿಕ್ಸ್. ಎನರ್ಜಿ ಕೋರ್ಸಿಗೆ ಅದೇ ಅಡಿಪಾಯ. ನಿಮ್ಮ ಅರ್ಜಿ ಓದುವ ಪ್ರಾಧ್ಯಾಪಕರು ಬ್ಯಾಕ್ ಎಷ್ಟಿತ್ತು ಎಂದು ಎಣಿಸುವುದಕ್ಕಿಂತ ಹೆಚ್ಚಾಗಿ, ತಾವು ಪಾಠ ಮಾಡುವ ವಿಷಯಕ್ಕೆ ಇವಳ ತಳಪಾಯ ಗಟ್ಟಿಯಿದೆಯೇ ಎಂದು ನೋಡುತ್ತಾರೆ. ಆದ್ದರಿಂದ ನಿಮ್ಮ ಗಟ್ಟಿ ಅಂಶಗಳಲ್ಲಿ ಆ ದೌರ್ಬಲ್ಯಕ್ಕೆ ನೇರವಾಗಿ ಉತ್ತರ ಕೊಡುವಂಥವನ್ನೇ ಆರಿಸಿ. 6ನೇ ಸೆಮಿಸ್ಟರಿನ ಹೀಟ್ ಟ್ರಾನ್ಸ್‌ಫರ್‌ನ ಗ್ರೇಡ್ ಚೆನ್ನಾಗಿದ್ದರೆ ಅದನ್ನು ಹೆಸರು ಹಿಡಿದು ಬರೆಯಿರಿ. ರೆಫ್ರಿಜರೇಶನ್ ಐಚ್ಛಿಕ ವಿಷಯವಾಗಿ ಓದಿದ್ದರೆ ಅದೂ ಬರಲಿ. ಕಾಲೇಜು ಡ್ಯಾನ್ಸ್ ತಂಡದ ನಾಯಕತ್ವ, ಎನ್‌ಎಸ್‌ಎಸ್ ಶಿಬಿರ ಒಳ್ಳೆಯವೇ, ಆದರೆ ಥರ್ಮೊಡೈನಮಿಕ್ಸ್‌ನ ಪ್ರಶ್ನೆಗೆ ಅವು ಉತ್ತರವಲ್ಲ. ಸಿವಿಯ ಕೊನೆಯಲ್ಲಿ ಒಂದು ಸಾಲು ಸಾಕು.

ನಿಮ್ಮಲ್ಲಿರುವ ಅತ್ಯುತ್ತಮ ಉತ್ತರ ಬೈಕಂಪಾಡಿಯ ಕೆಲಸ. ಅದನ್ನು "ಕೋಲ್ಡ್ ಸ್ಟೋರೇಜ್ ಘಟಕಗಳ ಸರ್ವಿಸ್" ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಡಬೇಡಿ. ಮಲ್ಪೆಯ ಐಸ್ ಪ್ಲಾಂಟೋ ಮೀನಿನ ಕೋಲ್ಡ್ ರೂಮೋ, ನೀವೇ ಕೈಯಾರೆ ನೋಡಿಕೊಂಡ ಒಂದು ಜಾಗವನ್ನು ಆರಿಸಿ. ಕೋಣೆ ಎಷ್ಟು ದೊಡ್ಡದು, ಒಳಗೆ ಎಷ್ಟು ಉಷ್ಣತೆ ಹಿಡಿಯಬೇಕಿತ್ತು (ಫ್ರೋಜನ್ ಮೀನಿಗಾದರೆ ಮೈನಸ್ 18 ಡಿಗ್ರಿ), ಕಂಪ್ರೆಸರ್ ಅಮೋನಿಯಾದ್ದೋ ಬೇರೆಯದೋ, ಏನು ತೊಂದರೆ ಇತ್ತು, ಯಾವುದನ್ನು ಅಳೆದಿರಿ, ಏನು ಬದಲಿಸಿದಿರಿ, ಆಮೇಲೆ ಮೀಟರಿನಲ್ಲಿ ಏನು ಕಂಡಿತು ಎಂದು ಐದಾರು ವಾಕ್ಯದಲ್ಲಿ ಬರೆಯಿರಿ. ಉದಾಹರಣೆಗೆ, ಬಾಗಿಲು ಪದೇ ಪದೇ ತೆರೆಯುವುದರಿಂದ ಕರಾವಳಿಯ ತೇವದ ಗಾಳಿ ಒಳನುಗ್ಗಿ, ಇವಾಪೊರೇಟರ್ ಕಾಯಿಲ್ ಮೇಲೆ ಹಿಮ ಕಟ್ಟಿ, ಕಂಪ್ರೆಸರ್ ಹೆಚ್ಚು ಹೊತ್ತು ಓಡುವುದನ್ನು ನೀವು ಪತ್ತೆ ಹಚ್ಚಿದ್ದರೆ, ಥರ್ಮೊಡೈನಮಿಕ್ಸ್ ಅರ್ಥವಾಗಿದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಅಳತೆಯ ಅಂಕಿ ನಿಮ್ಮ ಬಳಿ ಇದ್ದರೆ ಮಾತ್ರ ಬರೆಯಿರಿ. ಇಲ್ಲದಿದ್ದರೆ ಕಂಡದ್ದನ್ನು ಮಾತಿನಲ್ಲೇ ಹೇಳಿ, ಅಂದಾಜನ್ನು ಅಳತೆಯಂತೆ ತೋರಿಸಬೇಡಿ.

ಅರ್ಜಿ ಎಲ್ಲಿಗೆ ಹಾಕಬೇಕು ಎಂಬುದಕ್ಕೆ ಮಾತ್ರ ಪತ್ರದಿಂದ ಪರಿಹಾರ ಸಿಗದು. ಜರ್ಮನಿಯಲ್ಲಿ 1 ಅತ್ಯುತ್ತಮ, 4 ಕನಿಷ್ಠ ಪಾಸ್. ನಮ್ಮ ಅಂಕವನ್ನು ಬವೇರಿಯನ್ ಸೂತ್ರದಿಂದ ಬದಲಿಸುತ್ತಾರೆ. ಪಾಸಾಗಲು ಬೇಕಾದ ಕನಿಷ್ಠ ಅಂಕ 4 ಎಂದು ಹಿಡಿದರೆ ನಿಮ್ಮದು ಹೀಗೆ:

```
1 + 3 × (10 − 6.6) ÷ (10 − 4) = 2.7
```

ಕನಿಷ್ಠ ಅಂಕ 5 ಎಂದು ಹಿಡಿದರೆ ಇದೇ 3.04 ಆಗುತ್ತದೆ. ಕೋರ್ಸಿನ ನಿಯಮದಲ್ಲಿ "2.5 ಅಥವಾ ಅದಕ್ಕಿಂತ ಉತ್ತಮ" ಎಂದು ಕಟ್ಟುನಿಟ್ಟಾಗಿ ಬರೆದಿದ್ದರೆ, ಎರಡು ಲೆಕ್ಕದಲ್ಲೂ ನೀವು ಹೊರಗೆ, ಪತ್ರ ಎಷ್ಟೇ ಚೆನ್ನಾಗಿದ್ದರೂ ಅದನ್ನು ಯಾರೂ ತೆರೆಯುವುದಿಲ್ಲ. ಅಂಥವುಗಳಿಗೆ ಫೀಸು ಕಟ್ಟಬೇಡಿ. ಕನಿಷ್ಠ ಅಂಕ ಹೇಳದ, ಅಥವಾ ಅಂಕದ ಜೊತೆ ಕೆಲಸದ ಅನುಭವ, ಓದಿದ ವಿಷಯಗಳು ಮತ್ತು ಪತ್ರಕ್ಕೂ ಪಾಯಿಂಟ್ ಕೊಡುವ ಕೋರ್ಸುಗಳನ್ನು ಹುಡುಕಿ. ಕೈಕೆಲಸಕ್ಕೆ ಹೆಚ್ಚು ಒತ್ತು ಕೊಡುವ ಹೊಖ್‌ಶೂಲೆಗಳಲ್ಲಿ, ಅಂದರೆ ಅನ್ವಯಿಕ ವಿಜ್ಞಾನಗಳ ವಿಶ್ವವಿದ್ಯಾಲಯಗಳಲ್ಲಿ, ನಿಮ್ಮಂಥವರ ಅನುಭವಕ್ಕೆ ಬೆಲೆ ಹೆಚ್ಚು. ಸಿವಿಯಲ್ಲಿ ಮಾತ್ರ 2.7 ಎಂದು ನೀವೇ ಬರೆದುಕೊಳ್ಳಬೇಡಿ. "ಸಿಜಿಪಿಎ 6.6/10" ಎಂದಷ್ಟೇ ಇರಲಿ. ಬದಲಿಸುವ ಕೆಲಸ ವಿಶ್ವವಿದ್ಯಾಲಯದ್ದು ಅಥವಾ ಅದರ ಪರವಾಗಿ ವಿದೇಶಿ ಅರ್ಜಿಗಳನ್ನು ಪರಿಶೀಲಿಸುವ ಯೂನಿ-ಅಸಿಸ್ಟ್ ಸಂಸ್ಥೆಯದು.

ಜರ್ಮನ್ ಸಿವಿಯಲ್ಲಿ ತಿಂಗಳು ಸಹಿತ ಎಲ್ಲ ಅವಧಿಯೂ ಇರಬೇಕು, ನಡುವೆ ಖಾಲಿ ಬಿಡುವುದು ಸಲ್ಲ. ಹಾಗಾಗಿ ಆ ವರ್ಷಕ್ಕೂ ಒಂದು ಸಾಲು ಬರಲಿ: "ಆಗಸ್ಟ್ 2019 – ಆಗಸ್ಟ್ 2020: ಇಯರ್ ಬ್ಯಾಕ್, ಬಾಕಿ ವಿಷಯಗಳ ಪರೀಕ್ಷೆ, ಮನೆಯ ಅಂಗಡಿಯ ನಿರ್ವಹಣೆ." ಅಂಗಡಿಯನ್ನು "ಬಿಸಿನೆಸ್ ಮ್ಯಾನೇಜರ್" ಎಂದು ಹಿಗ್ಗಿಸಬೇಡಿ. ಫಾರಂಗಳಲ್ಲಿ ಬ್ಯಾಕ್‌ಲಾಗ್ ಪ್ರಶ್ನೆ ಬಂದರೆ ಗಮನವಿಟ್ಟು ಓದಿ. ಈಗ ಬಾಕಿ ಇರುವುದನ್ನು ಕೇಳಿದ್ದರೆ ಸೊನ್ನೆ, ಇದುವರೆಗಿನ ಒಟ್ಟು ಕೇಳಿದ್ದರೆ ಆರು. ಎರಡನೆಯದಕ್ಕೆ ಸೊನ್ನೆ ಹಾಕುವುದೇ ಸಾಮಾನ್ಯವಾಗಿ ಆಗುವ ತಪ್ಪು. ಅರ್ಜಿದಾರರು ಪಾಸಾದ ಬ್ಯಾಕ್ ಬ್ಯಾಕಲ್ಲ ಎಂದುಕೊಳ್ಳುತ್ತಾರೆ, ಓದುವವರು ಅದನ್ನು ಸುಳ್ಳು ಎಂದುಕೊಳ್ಳುತ್ತಾರೆ.

ಶಿಫಾರಸು ಪತ್ರ ಕೇಳಲು ಹೋಗುವಾಗ 5ರಿಂದ 8ನೇ ಸೆಮಿಸ್ಟರಿನ ಅಂಕಪಟ್ಟಿಗಳ ನಕಲು ಹಿಡಿದುಕೊಂಡು ಹೋಗಿ. ಕೊನೆಯ ಎರಡು ವರ್ಷ ನಿಮಗೆ ಪಾಠ ಮಾಡಿದ ಮೇಷ್ಟ್ರು ಅಥವಾ ಪ್ರಾಜೆಕ್ಟ್ ಗೈಡ್ ಬರೆದರೆ ಒಳ್ಳೆಯದು, 2ನೇ ವರ್ಷದ ಕಷ್ಟ ಮಾತ್ರ ಕಂಡವರು ಬೇಡ. ಇಯರ್ ಬ್ಯಾಕ್ ಆದಮೇಲೆ ನಿಮ್ಮ ಓದಿನಲ್ಲಿ ಕಂಡ ಬದಲಾವಣೆಯನ್ನು ಒಂದು ವಾಕ್ಯದಲ್ಲಿ ಹೇಳುವಂತೆ ಕೇಳಿಕೊಳ್ಳುವುದರಲ್ಲಿ ಸಂಕೋಚವೇನಿಲ್ಲ. ನೀವೇ ಹೇಳಿಕೊಂಡದ್ದಕ್ಕಿಂತ ಅವರ ಒಂದು ವಾಕ್ಯಕ್ಕೆ ಹೆಚ್ಚು ನಂಬಿಕೆ ಸಿಗುತ್ತದೆ.

ಎಲ್ಲ ಕಾಗದ ಸಿದ್ಧವಾದ ಮೇಲೆ ಸಿವಿ, ಪತ್ರ, ಶಿಫಾರಸು, ಗ್ರೇಡ್ ಕಾರ್ಡು ನಾಲ್ಕನ್ನೂ ಮೇಜಿನ ಮೇಲೆ ಹರಡಿ ತಾರೀಕುಗಳನ್ನಷ್ಟೇ ಒಂದಕ್ಕೊಂದು ತಾಳೆ ನೋಡಿ. ವೀಸಾ ಸಂದರ್ಶನದಲ್ಲಿ ಆ ವರ್ಷದ ಬಗ್ಗೆ ಕೇಳಿದರೆ ಪತ್ರದಲ್ಲಿ ಬರೆದ ಅದೇ ಕ್ರಮದಲ್ಲಿ, ಅಷ್ಟೇ ಉದ್ದದಲ್ಲಿ ಉತ್ತರಿಸಿ. ಎಪಿಎಸ್‌ಗೆ ಮಾತ್ರ ಈಗಲೇ ಅರ್ಜಿ ಹಾಕಿ. ಚಳಿಗಾಲದ ಸೆಮಿಸ್ಟರಿಗೆ ಅನೇಕ ಕೋರ್ಸುಗಳ ಕೊನೆಯ ದಿನ ಜುಲೈ 15, ಕೆಲವದು ಇನ್ನೂ ಮುಂಚೆ, ಮತ್ತು ಪ್ರಮಾಣಪತ್ರ ಕೈಗೆ ಬರಲು ವಾರಗಟ್ಟಲೆ ಹಿಡಿಯುತ್ತದೆ.