ಅಸಿಟನಿಲೈಡ್‌ಗೆ ಹಾಫ್‌ಮನ್ ಏಕೆ ಆಗದು?

“ತುಮಕೂರಲ್ಲಿ ಎಂ.ಎಸ್ಸಿ. ಓದ್ತಿದೀನಿ. ಅಸಿಟೋಫಿನೋನ್ ಆಕ್ಸೈಮ್‌ನಿಂದ ಬೆಕ್‌ಮನ್ ಮಾಡಿ ಬಂದ ಅಮೈಡ್‌ಗೆ ಬ್ರೋಮಿನ್, ಕ್ಷಾರ ಹಾಕಿದ್ರೆ ಒಂದು ಕಾರ್ಬನ್ ಕಡಿಮೆಯ ಅಮೈನ್ ಯಾಕೆ ಬರಲ್ಲ?”

ನಿಮ್ಮ ಆಕ್ಸೈಮ್‌ನಲ್ಲಿ OHಗೆ ಎದುರು ಬದಿಯಲ್ಲಿರುವುದು ಫೀನೈಲ್. ಆಮ್ಲ OHಅನ್ನು ನೀರಾಗಿಸಿ ಕಳಚುವಾಗಲೇ ಫೀನೈಲ್ ನೈಟ್ರೋಜನ್‌ಗೆ ಸರಿಯುತ್ತದೆ. ಉಳಿದ ನೈಟ್ರೀಲಿಯಮ್ ಅಯಾನಿಗೆ ನೀರು ಸೇರಿ ಅಸಿಟನಿಲೈಡ್ ಆಗುತ್ತದೆ. ಅದರ ನೈಟ್ರೋಜನ್ ಮೇಲೆ ಉಳಿಯುವುದು ಒಂದೇ ಹೈಡ್ರೋಜನ್, ತೊಡಕು ಇಲ್ಲೇ.

ಹಾಫ್‌ಮನ್‌ಗೆ ಎರಡು ಬೇಕು. ಒಂದರ ಜಾಗಕ್ಕೆ ಬ್ರೋಮಿನ್ ಬರುತ್ತದೆ, ಇನ್ನೊಂದನ್ನು ಕ್ಷಾರ ಕಿತ್ತುಕೊಳ್ಳುತ್ತದೆ. ಆಗಲೇ ಬ್ರೋಮೈಡ್ ಹೊರಟು, ಕಾರ್ಬೊನಿಲ್ ಪಕ್ಕದ ಗುಂಪು ನೈಟ್ರೋಜನ್‌ಗೆ ಜಿಗಿದು ಐಸೋಸೈನೇಟ್ ಆಗುವುದು. ಅದಕ್ಕೆ ನೀರು ಸೇರಿದ ಮೇಲೆ ಕಾರ್ಬೊನಿಲ್ ಕಾರ್ಬನ್ ಕಾರ್ಬೊನೇಟಾಗಿ ಹೋಗುತ್ತದೆ. ಅಸಿಟನಿಲೈಡನ್ನು ಕ್ಷಾರದಲ್ಲಿ ಕುದಿಸಿದಾಗ ಅನಿಲಿನ್ ಕಂಡರೂ ಅದು ಬರೀ ಜಲವಿಭಜನೆ.

ಬೆಂಜಮೈಡ್‌ನಲ್ಲಿ ಮಾಡಿ:

RCONH₂ + Br₂ + 4NaOH → RNH₂ + Na₂CO₃ + 2NaBr + 2H₂O

6 ಗ್ರಾಂ ಬೆಂಜಮೈಡ್‌ಗೆ 8 ಗ್ರಾಂ ಬ್ರೋಮಿನ್ ಸಾಕು. NaOH 8 ಗ್ರಾಂಗಿಂತ ತುಸು ಹೆಚ್ಚೇ ಇರಲಿ. ಫ್ಯೂಮ್ ಹುಡ್‌ನಲ್ಲಿ, ಮಂಜುಗಡ್ಡೆಯಲ್ಲಿಟ್ಟ ಕ್ಷಾರಕ್ಕೆ ಬ್ರೋಮಿನ್ ಹನಿಸಿ. ಬೇಸಿಗೆಯಲ್ಲಿ ನಮ್ಮ ಕಡೆ ಐಸ್ ಬೇಗ ಕರಗುತ್ತದೆ, ತುಂಬಿಸುತ್ತಿರಿ. ಬಿಸಿಯಾದರೆ ಹೈಪೋಬ್ರೋಮೈಟ್ ಬ್ರೋಮೇಟಾಗಿ ಕೆಡುತ್ತದೆ. ಅಮೈಡ್ ಕರಗಿದ ಮೇಲಷ್ಟೇ ಸುಮಾರು 70 ಡಿಗ್ರಿಗೆ ಏರಿಸಿ. ಕೊನೆಯಲ್ಲಿ ಸ್ವಲ್ಪ ದ್ರಾವಣವನ್ನು ತಣ್ಣಗಾಗಿಸಿ ಆಮ್ಲ ಹಾಕಿದಾಗ ಬಿಳಿ ಗಷ್ಟು ಬಿದ್ದರೆ ಅದು ಹೆಚ್ಚಾಗಿ ಬೆಂಜೋಯಿಕ್ ಆಮ್ಲ: ಅಮೈಡ್ ಸ್ಥಾನಪಲ್ಲಟವಾಗದೆ ಒಡೆದುಹೋಗಿದೆ.